ಮೇಜಿಗೂ ಮೊಣಕೈಗೂ ನಡುವೆ 11 ಸೆಂಟಿಮೀಟರ್

ಬ್ಯಾಂಕಿನ ಕ್ಲರ್ಕ್ ಒಬ್ಬರು ಕುರ್ಚಿ ಕೇಳಿ ಮ್ಯಾನೇಜರರಿಗೆ ಬರೆಯುವ ಪತ್ರ ಸಾಮಾನ್ಯವಾಗಿ ಮೂರು ಸಾಲಿನದ್ದು. ಕುತ್ತಿಗೆ ನೋಯುತ್ತಿದೆ, ಕೈಯಲ್ಲಿ ಜೋಮು ಹಿಡಿಯುತ್ತಿದೆ, ದಯವಿಟ್ಟು ಒಂದು ಒಳ್ಳೆಯ ಕುರ್ಚಿ ಕೊಡಿಸಬೇಕು. ಓದಿದ ಮ್ಯಾನೇಜರರಿಗೆ ಮರುಕ ಹುಟ್ಟಬಹುದು, ಆದರೆ ಆ ಮೂರು ಸಾಲಿನ ಆಧಾರದ ಮೇಲೆ ಅವರು ಏನನ್ನೂ ತೀರ್ಮಾನಿಸಲಾರರು. ಈಗಿನ ಕುರ್ಚಿಯಲ್ಲಿ ಇರುವ ಕೊರತೆ ಯಾವುದು? ಬೇಕಾದದ್ದು ಎಂಥ ಕುರ್ಚಿ? ಅದು ಬಂದರೆ ಕೈಯ ಜೋಮು ಹೋಗುತ್ತದೆ ಎನ್ನುವುದಕ್ಕೆ ಏನು ಆಧಾರ? ಖರ್ಚಿಗೆ ಒಪ್ಪಿಗೆ ಕೊಡಬೇಕಾದ ಮೇಲಿನ ಕಚೇರಿ ಇವನ್ನೇ ಕೇಳುತ್ತದೆ, ಕೇಳುವುದು ನ್ಯಾಯವೂ ಹೌದು.

ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಲು ದೊಡ್ಡ ಯಂತ್ರವೇನೂ ಬೇಡ. ದರ್ಜಿಯ ಅಳತೆ ಟೇಪು ಮತ್ತು ತನ್ನದೇ ಐದು ಬೆರಳುಗಳ ಮೇಲೆ ನಾಲ್ಕಾರು ದಿನದ ಗಮನ ಸಾಕು. ಕುತ್ತಿಗೆ ನೋವಿನ ಕಾರಣವನ್ನು ಕುರ್ಚಿಯ ಬೆನ್ನಿನಲ್ಲಿ ಹುಡುಕುವ ಮೊದಲು ಮೇಜಿನ ಎತ್ತರದಲ್ಲಿ ಹುಡುಕಬೇಕು, ಜೋಮಿನ ಕಾರಣವನ್ನು ಬೆರಳುಗಳಲ್ಲಿ ಓದಬೇಕು ಎಂಬುದು ನನ್ನ ವಾದ.

ಲೆಕ್ಕಕ್ಕೆ ಒಂದು ಉದಾಹರಣೆ ಇರಲಿ. ವಿಜಯಪುರ ನಗರದಲ್ಲಿ ಮನೆ, ತಿಕೋಟಾದ ಶಾಖೆಯೊಂದರಲ್ಲಿ ಕೆಲಸ, ವಯಸ್ಸು 46, ಎತ್ತರ 152 ಸೆಂಟಿಮೀಟರ್. ಹಿಂದೆ ಬಬಲೇಶ್ವರದ ಶಾಖೆಯಲ್ಲಿದ್ದಾಗ ಈ ನೋವು ಇರಲಿಲ್ಲ, ತಿಕೋಟಾಕ್ಕೆ ವರ್ಗವಾಗಿ ವರ್ಷ ತುಂಬುವುದರೊಳಗೆ ಶುರುವಾಯಿತು. ಇಂಥ ಹೆಣ್ಣುಮಗಳು ಈ ಭಾಗದಲ್ಲಿ ಎಷ್ಟೋ ಜನ ಇರುವುದರಿಂದ ಹೆಸರು ಬೇಕಿಲ್ಲ. ಎರಡೂ ಊರು ಈಗ ತಾಲ್ಲೂಕು ಕೇಂದ್ರಗಳು, ಎರಡೂ ಕಡೆ ದ್ರಾಕ್ಷಿ ಬೆಳೆಗಾರರ ಸಾಲದ ವ್ಯವಹಾರ. ಕೆಲಸದ ಬಗೆಯೂ ಒಂದೇ. ಬೆಳೆಸಾಲ ನವೀಕರಣದ ದಿನಗಳಲ್ಲಿ ಉತಾರಗಳ ಕಟ್ಟು ಮೇಜಿನ ಮೇಲೆ ಬಿದ್ದಿರುತ್ತದೆ. ಉಳಿದ ದಿನ ನಗದು, ಚೆಕ್ಕು, ಪಾಸ್‌ಬುಕ್ಕು. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದ ಮೇಲೆ ಪಾಸ್‌ಬುಕ್ ಹಿಡಿದು "ಅಕ್ಕಾರ, ಎರಡು ಸಾವಿರ ಜಮಾ ಆಗೈತೇನ್ ನೋಡ್ರಿ" ಎಂದು ಗಾಜಿನ ಆಚೆ ನಿಲ್ಲುವ ಹೆಂಗಸರ ಸಾಲೂ ಸೇರಿಕೊಂಡಿದೆ. ಹಾಗೆ ಕೇಳಿದ ಒಬ್ಬೊಬ್ಬರಿಗೂ ಅವರು ತಲೆ ಎತ್ತಿ ಮುಖ ನೋಡಬೇಕು, ಬಗ್ಗಿ ಪುಸ್ತಕದ ಸಂಖ್ಯೆ ಓದಬೇಕು, ಎಡಕ್ಕೆ ತಿರುಗಿ ಪರದೆ ನೋಡಬೇಕು, ಬಲಕ್ಕೆ ಕೈ ಚಾಚಿ ಪ್ರಿಂಟರಿಗೆ ಪುಸ್ತಕ ತೂರಿಸಬೇಕು.

ಎರಡು ಶಾಖೆಗಳ ನಡುವೆ ಬದಲಾದದ್ದು ಏನು ಎಂಬುದೇ ನಮಗೆ ಸಿಕ್ಕ ಮೊದಲ ಸುಳಿವು. ಕುರ್ಚಿ ಬದಲಾಯಿತು, ನಿಜ. ಮೇಜೂ ಬದಲಾಯಿತು. ಪರದೆ ಇದ್ದ ಜಾಗ ಬದಲಾಯಿತು. ಇನ್ನೊಂದು ಸಂಗತಿಯೂ ಅದೇ ವರ್ಷ ನಡೆಯಿತು: ಓದಲು ಕೆಳಭಾಗದಲ್ಲಿ ಬೇರೆ ಗಾಜಿರುವ, ಎರಡು ನೋಟದ ಕನ್ನಡಕ ಬಂತು. ಇವುಗಳಲ್ಲಿ ಕುರ್ಚಿ ಕಣ್ಣಿಗೆ ಹೊಡೆಯುತ್ತದೆ, ಮೈಗೆ ತಾಗುತ್ತದೆ. ಆದ್ದರಿಂದ ಪತ್ರದಲ್ಲಿ ಅದೊಂದೇ ಬರುತ್ತದೆ.

ಮೊದಲು ಜೋಮು. "ಕೈ ಜುಮ್ಮ ಅಂತೈತ್ರಿ" ಎಂದು ವೈದ್ಯರಿಗೆ ಹೇಳಿದರೆ ಅವರು ತಟ್ಟನೆ ಕೇಳುವುದು ಯಾವ ಬೆರಳು ಎಂದು. ಕುತ್ತಿಗೆಯ ಏಳು ಮೂಳೆಗಳ ಆಸುಪಾಸಿನಿಂದ ಎಡಕ್ಕೂ ಬಲಕ್ಕೂ ಎಂಟು ಜೋಡಿ ನರಗಳು ಹೊರಬರುತ್ತವೆ, ಅವುಗಳಲ್ಲಿ ಕೆಳಗಿನವು ತೋಳಿಗೆ ಇಳಿಯುತ್ತವೆ. ಐದನೆಯ ಮತ್ತು ಆರನೆಯ ಮೂಳೆಗಳ ನಡುವಿನ ಕಿಂಡಿಯಿಂದ ಬರುವ ಆರನೆಯ ನರಕ್ಕೆ ತೊಂದರೆಯಾದರೆ ಹೆಬ್ಬೆರಳು, ತೋರುಬೆರಳು ಜುಮ್ಮೆನ್ನುತ್ತವೆ. ಅದರ ಕೆಳಗಿನ ಏಳನೆಯ ನರವಾದರೆ ನಡುಬೆರಳು, ಜೊತೆಗೆ ಮೊಣಕೈಯನ್ನು ನೆಟ್ಟಗೆ ಮಾಡುವ ಹಿಂದೋಳಿನ ಸ್ನಾಯು ಸೋಲುತ್ತದೆ. ಎಂಟನೆಯದಾದರೆ ಕಿರುಬೆರಳಿನ ಕಡೆ. ಕುತ್ತಿಗೆಯಲ್ಲಿ ನರ ಒತ್ತಿದ ಪ್ರಕರಣಗಳಲ್ಲಿ ಹೆಚ್ಚಿನವು ಏಳನೆಯದು, ಆಮೇಲೆ ಆರನೆಯದು.

ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಆದರೆ ಅದೇ ನರದ ಎಳೆಗಳು ಕೆಳಗೆ ಇಳಿಯುವ ದಾರಿಯಲ್ಲಿ ಇನ್ನೂ ಎರಡು ಇಕ್ಕಟ್ಟಿನ ಜಾಗಗಳನ್ನು ದಾಟುತ್ತವೆ. ಮೊಣಕೈಯ ಒಳಬದಿಯಲ್ಲಿ, ಅಕಸ್ಮಾತ್ ಬಡಿದರೆ ಮಿಂಚು ಹೊಡೆದಂತಾಗುವ ಜಾಗ ಒಂದು. ಕಿರುಬೆರಳಿಗೂ ಉಂಗುರಬೆರಳಿನ ಅರ್ಧಕ್ಕೂ ಹೋಗುವ ನರ ಅಲ್ಲಿ ಚರ್ಮದ ಕೆಳಗೇ ಇದೆ. ಕೌಂಟರಿನ ಕಲ್ಲಿನ ಅಂಚಿನ ಮೇಲೆ ಮೊಣಕೈ ಊರಿ ನೋಟು ಎಣಿಸುವವರಿಗೆ ಈ ನರ ಒತ್ತಿಕೊಳ್ಳುತ್ತದೆ. ಮಣಿಕಟ್ಟು ಇನ್ನೊಂದು ಜಾಗ. ಅಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜೊತೆ ಒಂದೇ ಸುರಂಗದಲ್ಲಿ ನುಸುಳುವ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಉಳಿದರ್ಧಕ್ಕೆ ಹೋಗುತ್ತದೆ. ಉಂಗುರಬೆರಳು ಉದ್ದಕ್ಕೆ ಸೀಳಿದಂತೆ, ನಡುಬೆರಳಿನ ಬದಿ ಜೋಮು, ಕಿರುಬೆರಳಿನ ಬದಿ ಸರಿಯಾಗಿದ್ದರೆ ತೊಂದರೆ ಮಣಿಕಟ್ಟಿನಲ್ಲಿದೆ ಎಂದು ಬಲವಾಗಿ ಅನುಮಾನಿಸಬಹುದು. ಕುತ್ತಿಗೆಯಿಂದ ಬಂದ ಜೋಮು ಒಂದೇ ಬೆರಳನ್ನು ಹೀಗೆ ಇಬ್ಭಾಗ ಮಾಡುವುದು ಅಪರೂಪ.

ಹೊತ್ತೂ ಮುಖ್ಯ. ರಾತ್ರಿ ಎರಡು ಮೂರು ಗಂಟೆಗೆ ಜೋಮಿನಿಂದ ಎಚ್ಚರವಾಗಿ, ಕೈ ಕೊಡವಿದರೆ ಆರಾಮ ಅನಿಸಿದರೆ ಅದು ಮಣಿಕಟ್ಟಿನ ಲಕ್ಷಣ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇದ್ದವರಲ್ಲಿ ಇದು ಹೆಚ್ಚು, ಗರ್ಭಿಣಿಯರಲ್ಲೂ ಹೆಚ್ಚು. ಇಂಥವರಿಗೆ ಎಷ್ಟು ಬೆಲೆಯ ಕುರ್ಚಿ ತಂದುಕೊಟ್ಟರೂ ರಾತ್ರಿಯ ಜೋಮು ಅಲುಗುವುದಿಲ್ಲ. ಅದೇ ಜೋಮು ಹಗಲಲ್ಲಿ, ಅದರಲ್ಲೂ ತಲೆಯನ್ನು ಹಿಂದಕ್ಕೆ ಬಾಗಿಸಿ ನೋಯುವ ಕಡೆಗೇ ತಿರುಗಿಸಿದಾಗ ಭುಜದಿಂದ ಇಳಿದು ಬಂದರೆ, ಅಂಗೈಯನ್ನು ನೆತ್ತಿಯ ಮೇಲಿಟ್ಟುಕೊಂಡಾಗ ತಗ್ಗಿದರೆ, ಮೂಲ ಕುತ್ತಿಗೆಯಲ್ಲಿದೆ. ಕೈ ಮೇಲೆತ್ತಿದಾಗ ನರದ ಎಳೆತ ಸಡಿಲವಾಗುವುದರಿಂದ ಹಾಗಾಗುತ್ತದೆ. ಸಂಕಟ ಪಡುವವರು ಯಾರೂ ಹೇಳಿಕೊಡದೆ ತಲೆಯ ಮೇಲೆ ಕೈಯಿಟ್ಟು ಕುಳಿತಿರುವುದನ್ನು ವೈದ್ಯರು ಕಂಡೇ ಗುರುತಿಸುತ್ತಾರೆ.

ನಮ್ಮ ಉದಾಹರಣೆಯ ಕ್ಲರ್ಕ್ ಒಂದು ವಾರ ಗಮನಿಸಿ ಬರೆದಿಟ್ಟುಕೊಂಡದ್ದು ಇದು. ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ಜುಮ್ಮೆನ್ನುತ್ತವೆ. ಬೆಳಗ್ಗೆ ಇರುವುದಿಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಗುತ್ತದೆ, ಭಾನುವಾರ ಬಹುಮಟ್ಟಿಗೆ ಇಲ್ಲ. ರಾತ್ರಿ ಎಚ್ಚರವಾಗುವುದಿಲ್ಲ. ಪರದೆಯನ್ನು ದಿಟ್ಟಿಸಿ ನೋಡುವಾಗ ಹೆಚ್ಚು. ಇದರ ಜೊತೆಗೆ, ಎರಡೂ ಭುಜಗಳ ಮೇಲೆ, ಕುತ್ತಿಗೆ ಸೇರುವಲ್ಲಿ, ಸಂಜೆಯ ಹೊತ್ತಿಗೆ ಹಲಗೆಯಂತೆ ಬಿಗಿತ. ಇಲ್ಲಿ ಒಂದೇ ನೋವಿಲ್ಲ, ಎರಡಿವೆ. ಎಡಗೈಯ ಜೋಮು ಆರನೆಯ ನರದ ಕಥೆ, ಭುಜದ ಬಿಗಿತ ಸ್ನಾಯುವಿನ ಕಥೆ. ಕಾರಣಗಳೂ ಬೇರೆ ಬೇರೆ.

ನರದ ಕಥೆಯಲ್ಲಿ ಕನ್ನಡಕ ಬರುತ್ತದೆ. ತಲೆ ಮುಂದಕ್ಕೆ ಬಗ್ಗಿದಾಗ ಕುತ್ತಿಗೆಯ ಮೂಳೆಗಳ ನಡುವಿನ ಕಿಂಡಿಗಳು ಸ್ವಲ್ಪ ಅಗಲವಾಗುತ್ತವೆ. ಗಲ್ಲ ಮೇಲೆತ್ತಿ ತಲೆ ಹಿಂದಕ್ಕೆ ವಾಲಿದಾಗ ಕಿರಿದಾಗುತ್ತವೆ, ಅದರ ಜೊತೆಗೇ ಒಂದು ಕಡೆಗೆ ತಿರುಗಿದರೆ ಆ ಕಡೆಯ ಕಿಂಡಿ ಇನ್ನಷ್ಟು ಕಿರಿದಾಗುತ್ತದೆ. ನಲವತ್ತು ದಾಟಿದ ಮೇಲೆ ಮೂಳೆಗಳ ನಡುವಿನ ಮೆತ್ತೆ ತೆಳುವಾಗಿ, ಅಂಚುಗಳಲ್ಲಿ ಮೂಳೆ ಚಿಗುರಿರುವುದು ಸಾಮಾನ್ಯ, ಹಾಗಾಗಿ ಕಿಂಡಿಯಲ್ಲಿ ಉಳಿದಿರುವ ಜಾಗವೇ ಕಡಿಮೆ. ಈಗ ಆ ಮೇಜನ್ನು ನೋಡಿ. ಗ್ರಾಹಕರ ಮುಖ ಕಾಣಲೆಂದು ಪರದೆಯನ್ನು ಎಡಕ್ಕೆ ಸರಿಸಲಾಗಿದೆ, ಕಡತಗಳಿಗೆ ಜಾಗ ಆಗಲೆಂದು ಅದನ್ನು ಒಂದು ಪೆಟ್ಟಿಗೆಯ ಮೇಲೆ ಎತ್ತರಿಸಲಾಗಿದೆ. ಎರಡು ನೋಟದ ಕನ್ನಡಕದವರು ಹತ್ತಿರದ ಅಕ್ಷರವನ್ನು ಗಾಜಿನ ಕೆಳಭಾಗದಿಂದಲೇ ಓದಬೇಕು. ಪರದೆ ಎತ್ತರದಲ್ಲಿದ್ದರೆ ಅವರಿಗೆ ಗಲ್ಲ ಎತ್ತದೆ ಬೇರೆ ದಾರಿಯಿಲ್ಲ. ಹೀಗೆ ಗಲ್ಲ ಎತ್ತಿ ಎಡಕ್ಕೆ ತಿರುಗಿದ ಆ ಭಂಗಿ, ನರ ಒತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ವೈದ್ಯರು ಬೇಕೆಂದೇ ಮಾಡಿಸುವ ಭಂಗಿಗೆ ಬಹಳ ಹತ್ತಿರ. ಅವರು ಅದನ್ನು ಕೆಲವು ಕ್ಷಣ ಮಾಡಿಸಿದರೆ ಈ ಹೆಣ್ಣುಮಗಳು ದಿನವಿಡೀ ಮಾಡುತ್ತಾರೆ.

ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಬೇಕು ಎಂಬ ಸಲಹೆ ಎಲ್ಲ ಕಡೆ ಓಡಾಡುತ್ತದೆ. ಸಾದಾ ಕಣ್ಣಿನವರಿಗೆ ಅದು ಸರಿ. ಎರಡು ನೋಟದ ಕನ್ನಡಕದವರಿಗೆ ಅದೇ ಸಲಹೆ ಕೆಡುಕು, ಅವರ ಪರದೆ ಇನ್ನೂ ಕೆಳಗಿಳಿಯಬೇಕು. ಈ ತಿದ್ದುಪಡಿಗೆ ಕಾಸು ಖರ್ಚಿಲ್ಲ. ಪೆಟ್ಟಿಗೆ ತೆಗೆಯಬೇಕು, ಪರದೆಯನ್ನು ನಡುವಿಗೆ ತರಬೇಕು, ಗ್ರಾಹಕರನ್ನು ಪಕ್ಕದಿಂದ ನೋಡಬೇಕು. ಗ್ರಾಹಕರತ್ತ ಹೊರಳುವ ನೋಟ ಗಳಿಗೆಯದು, ಪರದೆಯ ಮೇಲಿನ ನೋಟ ನಿಮಿಷಗಳದ್ದು. ಹೆಚ್ಚು ಹೊತ್ತು ನೋಡುವುದು ಎದುರಿಗಿರಬೇಕು.

ಇನ್ನು ಸ್ನಾಯುವಿನ ಕಥೆ. ತಲೆಯ ತೂಕ ಸುಮಾರು 5 ಕಿಲೋ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ಹರದಾರಿ ನಡೆಯಬಹುದು, ಅದನ್ನೇ ಕೈ ಚಾಚಿ ಹಿಡಿದರೆ ನಾಲ್ಕು ಹೆಜ್ಜೆಗೆ ಸಾಕಾಗುತ್ತದೆ. ತಲೆಯದೂ ಅದೇ ಲೆಕ್ಕ. ನೆಟ್ಟಗೆ ಕುಳಿತಾಗ ತಲೆಯ ಭಾರ ಕುತ್ತಿಗೆಯ ಬುಡದಿಂದ ಮೂರು ಸೆಂಟಿಮೀಟರ್‌ನಷ್ಟು ಮುಂದೆ ಬೀಳುತ್ತದೆ ಎಂದುಕೊಳ್ಳಿ. ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಸ್ನಾಯುಗಳು ಬುಡದಿಂದ ನಾಲ್ಕು ಸೆಂಟಿಮೀಟರ್ ಹಿಂದಿವೆ. ಆಗ ಅವು ಎಳೆಯಬೇಕಾದ ಬಲ ಐದನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದಷ್ಟು, ಅಂದರೆ 4 ಕಿಲೋಗಿಂತ ಕಡಿಮೆ. ಮೇಜಿನ ಮೇಲೆ ಚಪ್ಪಟೆ ಇಟ್ಟ ವೋಚರ್ ಓದಲು ಬಗ್ಗಿದಾಗ ಭಾರ ಹತ್ತು ಸೆಂಟಿಮೀಟರ್ ಮುಂದೆ ಹೋದರೆ ಅದೇ ಲೆಕ್ಕದಲ್ಲಿ 12 ಕಿಲೋ ದಾಟುತ್ತದೆ. ಇದು ಒರಟು ಲೆಕ್ಕ, ದೇಹದೊಳಗೆ ಇಷ್ಟು ಸರಳವಾಗಿರುವುದಿಲ್ಲ. ಆದರೂ ಬಗ್ಗಿದರೆ ಭಾರ ಎಷ್ಟು ಪಟ್ಟು ಏರುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಭುಜದ ಬಿಗಿತಕ್ಕೆ ಭಾರವೇ ಬೇಕಿಲ್ಲ ಎಂಬುದು ಇದಕ್ಕಿಂತ ಸೋಜಿಗದ ಸಂಗತಿ. ಕೀಲಿಮಣೆ ಮೊಣಕೈಗಿಂತ ಎತ್ತರದಲ್ಲಿದ್ದರೆ ನಾವು ಅರಿವಿಲ್ಲದೆ ಭುಜಗಳನ್ನು ಕಿವಿಯ ಕಡೆ ಒಂದಿಷ್ಟು ಎತ್ತುತ್ತೇವೆ. ಆ ಕೆಲಸಕ್ಕೆ ಸ್ನಾಯುವಿನ ಪೂರ್ಣ ಶಕ್ತಿಯ ಚೂರು ಪಾಲು ಸಾಕು. ಹಾಗಿದ್ದರೆ ನೋವೇಕೆ? ಸ್ವೀಡನ್ನಿನ ಸಂಶೋಧಕ ಯೊರಾನ್ ಹೆಗ್ 1991ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಸ್ನಾಯುವಿನ ಎಳೆಗಳು ಪಾಳಿ ಹಾಕಿಕೊಂಡು ದುಡಿಯುವುದಿಲ್ಲ. ಸಣ್ಣ ಎಳೆಗಳು ಎಲ್ಲರಿಗಿಂತ ಮೊದಲು ಕೆಲಸಕ್ಕಿಳಿಯುತ್ತವೆ, ಸ್ನಾಯು ಪೂರ್ತಿ ಸಡಿಲವಾಗುವವರೆಗೆ ಅವಕ್ಕೆ ಬಿಡುವಿಲ್ಲ. ಭುಜ ಸ್ವಲ್ಪವೇ ಎತ್ತಿದ್ದರೂ, ಇಳಿಸದೆ ಗಂಟೆಗಟ್ಟಲೆ ಹಿಡಿದಿದ್ದರೆ ಅದೇ ಕೆಲವು ಎಳೆಗಳು ಗಂಟೆಗಟ್ಟಲೆ ದುಡಿಯುತ್ತವೆ. ಮನೆಯಲ್ಲಿ ಮೊದಲು ಎದ್ದು ಕೊನೆಗೆ ಮಲಗುವ ಹುಡುಗಿಯ ಹೆಸರಿನಲ್ಲಿ ಅವರು ಇದನ್ನು ಸಿಂಡರೆಲಾ ಎಳೆಗಳು ಎಂದು ಕರೆದರು. ಈ ವಿವರಣೆ ಇನ್ನೂ ಎಲ್ಲ ಮಗ್ಗುಲಿನಿಂದ ಸಾಬೀತಾಗಿಲ್ಲ. ಆದರೆ ಇದರಿಂದ ಒಂದು ವಿಷಯ ನೇರವಾಗಿ ಹೊರಡುತ್ತದೆ: ಭುಜ ಎಷ್ಟು ಎತ್ತಿದೆ ಎನ್ನುವುದಕ್ಕಿಂತ ಅದು ನಡುನಡುವೆ ಪೂರ್ತಿ ಇಳಿಯುತ್ತದೆಯೇ ಎನ್ನುವುದು ಮುಖ್ಯ. ಕೀಲಿಮಣೆ ಎತ್ತರದಲ್ಲಿದ್ದರೆ ಇಳಿಯಲು ಅವಕಾಶವೇ ಇಲ್ಲ.

ಆ ಎತ್ತರವನ್ನು ಅಳೆಯೋಣ. ಶಾಖೆ ಬಾಗಿಲು ಹಾಕಿದ ಮೇಲೆ ಸಹೋದ್ಯೋಗಿಯೊಬ್ಬರು ಟೇಪು ಹಿಡಿದರೆ ಹತ್ತು ನಿಮಿಷದ ಕೆಲಸ. ನೆಲದಿಂದ ಮೇಜಿನ ಮೇಲ್ಮೈ 75 ಸೆಂಟಿಮೀಟರ್. ಕೀಲಿಮಣೆಯ ದಪ್ಪ ಎರಡು ಸೆಂಟಿಮೀಟರ್ ಸೇರಿ ಬೆರಳು ಆಡುವ ಮಟ್ಟ 77. ಈಗಿನ ಕುರ್ಚಿಯ ಆಸನ, ಕುಳಿತಾಗ ಮೆತ್ತೆ ಅಮುಕಿದ ಮೇಲೆ, 46. ಏರಿಳಿಸುವ ಸನ್ನೆ ಕೆಟ್ಟು ಅಲ್ಲೇ ನಿಂತಿದೆ. ಭುಜ ಸಡಿಲ ಬಿಟ್ಟು, ಮೊಣಕೈ ಮಡಿಸಿದಾಗ ಆಸನದಿಂದ ಮೊಣಕೈಗೆ 20. ಅಂದರೆ ನೆಲದಿಂದ ಮೊಣಕೈ 66ರಲ್ಲಿ, ಕೆಲಸ 77ರಲ್ಲಿ. ಅಂತರ 11 ಸೆಂಟಿಮೀಟರ್. ಚಪ್ಪಲಿ ಸಹಿತ ಪಾದದಿಂದ ಮಂಡಿಯ ಹಿಂಭಾಗಕ್ಕೆ 40. ಆಸನ 46ರಲ್ಲಿ ಇರುವುದರಿಂದ ಪಾದ ಈಗಲೇ ನೆಲಕ್ಕೆ ಸರಿಯಾಗಿ ತಾಗುವುದಿಲ್ಲ. ಪಾದಕ್ಕೆ ನೆಲೆ ಸಿಗದವರು ಕುರ್ಚಿಯ ಮುಂದಿನ ಅಂಚಿಗೆ ಜರುಗಿ ಕುಳಿತುಕೊಳ್ಳುತ್ತಾರೆ, ಹಾಗೆ ಕುಳಿತಾಗ ಕುರ್ಚಿಯ ಬೆನ್ನು ಎಷ್ಟೇ ಚೆನ್ನಾಗಿದ್ದರೂ ಅವರ ಬೆನ್ನಿಗೆ ತಾಗುವುದಿಲ್ಲ.

ಈ ಅಳತೆಗಳಲ್ಲಿ ಒಂದು ಇಕ್ಕಟ್ಟು ಅಡಗಿದೆ. ಮೊಣಕೈ ದೃಷ್ಟಿಯಿಂದ ಈ ಕುರ್ಚಿ 11 ಸೆಂಟಿಮೀಟರ್ ತಗ್ಗು, ಕಾಲಿನ ದೃಷ್ಟಿಯಿಂದ ಆರು ಸೆಂಟಿಮೀಟರ್ ಎತ್ತರ. ಕಚೇರಿಯ ಸಾಮಾನ್ಯ ಏರಿಳಿತದ ಕುರ್ಚಿಗಳು ಸುಮಾರು 42ರಿಂದ 52ರವರೆಗೆ ಏರುತ್ತವೆ. ಹೊಸ ಕುರ್ಚಿ ತಂದು ಗರಿಷ್ಠ ಏರಿಸಿದರೂ ಮೊಣಕೈ 72ಕ್ಕೆ ಬರುತ್ತದೆ, 77 ಮುಟ್ಟುವುದಿಲ್ಲ. ಕಾಲು ಮಾತ್ರ ಹನ್ನೆರಡು ಸೆಂಟಿಮೀಟರ್ ತೂಗಾಡುತ್ತದೆ. ತಪ್ಪು ಈ ಹೆಣ್ಣುಮಗಳ ಮೈಯಲ್ಲಿಲ್ಲ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರವೇ ಸುಮಾರು 152 ಸೆಂಟಿಮೀಟರ್, ಮೇಜುಗಳ 75 ಸೆಂಟಿಮೀಟರ್ ಅಳತೆ ಅವರಿಗಿಂತ ಎತ್ತರದವರಿಗೆ ಒಪ್ಪುವಂಥದ್ದು. ಭಾರತೀಯರ ಮೈ ಅಳತೆಗಳನ್ನು ಒಟ್ಟುಮಾಡಿ ದೇಬ್‌ಕುಮಾರ್ ಚಕ್ರವರ್ತಿಯವರು ಸಿದ್ಧಪಡಿಸಿದ ಪುಸ್ತಕವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಪ್ರಕಟಿಸಿದೆ. ಅಳತೆಗಳು ಇವೆ, ಪೀಠೋಪಕರಣ ಕೊಳ್ಳುವವರ ಮೇಜಿಗೆ ಅವು ಇನ್ನೂ ಬರಬೇಕು.

ದಾರಿ ಮೇಜನ್ನು ಇಳಿಸುವುದರಲ್ಲಿದೆ. ಪೂರ್ತಿ ಮೇಜನ್ನು ಕತ್ತರಿಸಬೇಕಾಗಿಲ್ಲ, ಕೀಲಿಮಣೆಗೊಂದು ಜಾರುವ ಹಲಗೆಯನ್ನು ಮೇಜಿನ ಕೆಳಗೆ ಕೂರಿಸಿದರೆ ಸಾಕು. ಹಲಗೆ ಮೇಜಿನ ಮೇಲ್ಮೈಯಿಂದ ಒಂಬತ್ತು ಸೆಂಟಿಮೀಟರ್ ಕೆಳಗೆ ಬಂದರೆ ಬೆರಳಿನ ಮಟ್ಟ 68 ಆಗುತ್ತದೆ. ಆಗ ಆಸನ 48ರಲ್ಲಿದ್ದರೆ ಮೊಣಕೈ ಸರಿಯಾಗಿ 68ಕ್ಕೆ ಬರುತ್ತದೆ. ತೊಡೆಯ ದಪ್ಪ 13 ಎಂದರೆ ತೊಡೆಯ ಮೇಲ್ಭಾಗ 61ರಲ್ಲಿ, ಹಲಗೆಯ ತಳ 64ರ ಹತ್ತಿರ. ಕಾಲು ಸರಾಗವಾಗಿ ಒಳಗೆ ಹೋಗುತ್ತದೆ. ಪಾದಕ್ಕೆ ಎಂಟು ಸೆಂಟಿಮೀಟರ್ ಎತ್ತರದ ಕಾಲುಮಣೆ ಬೇಕು, ಅದನ್ನು ಊರಿನ ಬಡಿಗೇರರೇ ಮಾಡಿಕೊಡುತ್ತಾರೆ. ಕುರ್ಚಿಯೂ ಬೇಕೇ ಬೇಕು, ಏಕೆಂದರೆ ಈಗಿನದು 48ಕ್ಕೆ ಏರುವುದಿಲ್ಲ. ಆದರೆ ಈಗ ಎಂಥ ಕುರ್ಚಿ ಎಂದು ಹೇಳಬಹುದು. ತಲೆಗೆ ಒರಗು, ಚರ್ಮದ ಹೊದಿಕೆ, ಹಿಂದಕ್ಕೆ ವಾಲುವ ಬೆನ್ನು ಯಾವುದೂ ಬೇಡ. ಆಸನ 48ಕ್ಕೆ ಏರಿ ನಿಲ್ಲಬೇಕು. ಆಸನದ ಆಳ ಹೆಚ್ಚಿರಬಾರದು, ಬೆನ್ನು ತಾಗಿಸಿ ಕುಳಿತಾಗ ಆಸನದ ಅಂಚಿಗೂ ಮಂಡಿಯ ಹಿಂಭಾಗಕ್ಕೂ ಮೂರು ಬೆರಳು ಅಂತರ ಉಳಿಯಬೇಕು. ಕೈಯೊರಗುಗಳನ್ನು ಇಳಿಸಲು ಬರಬೇಕು. ಇಳಿಸಲಾಗದ ಕೈಯೊರಗು ಮೇಜಿನ ಅಂಚಿಗೆ ಬಡಿದು ಕುರ್ಚಿಯನ್ನು ಮೇಜಿನಿಂದ ದೂರವೇ ನಿಲ್ಲಿಸುತ್ತದೆ, ಬೆಲೆಬಾಳುವ ಎಷ್ಟೋ ಕುರ್ಚಿಗಳು ಸೋಲುವುದು ಇಲ್ಲಿ.

ಕುರ್ಚಿ ಬದಲಿಸಿದರೆ ನೋವು ತಗ್ಗುತ್ತದೆ ಎನ್ನಲು ಪುರಾವೆ ಇದೆಯೇ? ಇದೆ, ಅದಕ್ಕೆ ಮಿತಿಯೂ ಇದೆ. ಅಮೆರಿಕದ ಒಂದು ರಾಜ್ಯದ ತೆರಿಗೆ ಇಲಾಖೆಯ ಸುಮಾರು 200 ನೌಕರರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಒಂದು ಗುಂಪಿಗೆ ಹೊಂದಿಸಿಕೊಳ್ಳಬಲ್ಲ ಕುರ್ಚಿಯ ಜೊತೆಗೆ ಅದನ್ನು ಹೊಂದಿಸುವ ತರಬೇತಿ ಕೊಟ್ಟರು. ಎರಡನೆಯ ಗುಂಪಿಗೆ ತರಬೇತಿ ಮಾತ್ರ. ಮೂರನೆಯದಕ್ಕೆ ಅಧ್ಯಯನ ಮುಗಿಯುವವರೆಗೆ ಏನೂ ಇಲ್ಲ. ಕುರ್ಚಿ ಮತ್ತು ತರಬೇತಿ ಎರಡೂ ಸಿಕ್ಕವರಲ್ಲಿ ದಿನ ಸಾಗಿದಂತೆ ಏರುವ ಮೈಕೈ ನೋವು ತಗ್ಗಿತು, ತರಬೇತಿ ಮಾತ್ರ ಸಿಕ್ಕವರಲ್ಲಿ ಅಂಥ ಗುಣ ಕಾಣಲಿಲ್ಲ. ನೆಟ್ಟಗೆ ಕೂತುಕೊಳ್ಳಿ ಎಂದು ಬುದ್ಧಿ ಹೇಳಿ ಕಳಿಸುವ ಮೇಲಧಿಕಾರಿಗಳು ಇದನ್ನು ಗಮನಿಸಬೇಕು. ಲಾಸ್ ಏಂಜಲೀಸಿನ ಹೊಲಿಗೆ ಕಾರ್ಮಿಕರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಕುರ್ಚಿ ಬದಲಾದವರ ಕುತ್ತಿಗೆ, ಭುಜದ ನೋವು ಕಡಿಮೆಯಾಯಿತು. ಈ ಎರಡೂ ಅಧ್ಯಯನಗಳು ಅಳೆದದ್ದು ನೋವನ್ನು. ಒತ್ತಿಕೊಂಡ ನರವನ್ನು ಕುರ್ಚಿ ಬಿಡಿಸುತ್ತದೆ ಎಂದು ಅವು ಹೇಳುವುದಿಲ್ಲ, ಪತ್ರದಲ್ಲೂ ಹಾಗೆ ಬರೆಯಬಾರದು.

ಈ ಸಂಕಟ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ಇಟಲಿಯ ವೈದ್ಯ ಬರ್ನಾರ್ದಿನೊ ರಾಮಾಜ್ಜಿನಿ ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ 1700ರಲ್ಲಿ ಪುಸ್ತಕ ಬರೆದರು. 1713ರ ಆವೃತ್ತಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರನ್ನೂ ಸೇರಿಸಿ, ಅವರ ಬಾಧೆಗೆ ಮೂರು ಕಾರಣ ಕೊಟ್ಟರು. ಎಡೆಬಿಡದ ಕೂರುವಿಕೆ ಒಂದು. ಕೈಯ ಒಂದೇ ಬಗೆಯ ಚಲನೆ ಇನ್ನೊಂದು. ಮೂರನೆಯದು, ಕೂಡಿ ಕಳೆಯುವಾಗ ತಪ್ಪಾಗಿ ಧಣಿಗೆ ನಷ್ಟವಾದೀತೆಂಬ ಮನಸ್ಸಿನ ಬಿಗಿ. ಸಂಜೆ ನಗದು ತಾಳೆಯಾಗದಿದ್ದರೆ ಕೈಯಿಂದ ತುಂಬಿಕೊಡಬೇಕಾದ ಕ್ಯಾಷಿಯರಿಗೆ ಆ ಮೂರನೆಯ ಕಾರಣವನ್ನು ಯಾರೂ ವಿವರಿಸಬೇಕಾಗಿಲ್ಲ. ಮನಸ್ಸು ಬಿಗಿದಾಗ, ಕೈ ಏನೂ ಮಾಡದಿದ್ದರೂ, ಭುಜದ ಮೇಲಿನ ಅದೇ ಸ್ನಾಯು ಬಿಗಿಯುತ್ತದೆ ಎಂದು ಈ ಕಾಲದ ಪ್ರಯೋಗಗಳಲ್ಲಿ ಸ್ನಾಯುವಿನ ವಿದ್ಯುತ್ತನ್ನು ಅಳೆದು ಕಂಡಿದ್ದಾರೆ.

ಇಷ್ಟು ತಿಳಿದ ಮೇಲೆ ಪತ್ರ ಹೀಗೆ ಬರೆಯಬಹುದು.

"ಶಾಖಾ ವ್ಯವಸ್ಥಾಪಕರಿಗೆ,

ವಿಷಯ: ಕೌಂಟರಿನ ಕುರ್ಚಿ, ಕೀಲಿಮಣೆಯ ಹಲಗೆ ಮತ್ತು ಕಾಲುಮಣೆ ಒದಗಿಸುವ ಕುರಿತು.

ಮಾನ್ಯರೇ,

ಕಳೆದ ಕೆಲವು ತಿಂಗಳಿಂದ ಕೆಲಸದ ದಿನಗಳಲ್ಲಿ ಮಧ್ಯಾಹ್ನದ ನಂತರ ನನ್ನ ಎರಡೂ ಭುಜ ಮತ್ತು ಕುತ್ತಿಗೆ ಬಿಗಿದು ನೋಯುತ್ತಿವೆ, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಜೋಮು ಬರುತ್ತಿದೆ. ರಜಾ ದಿನಗಳಲ್ಲಿ ಇದು ಬಹಳ ಕಡಿಮೆ. ವೈದ್ಯರಿಗೆ ತೋರಿಸಿದ್ದೇನೆ, ಅವರ ಚೀಟಿಯ ಪ್ರತಿ ಲಗತ್ತಿಸಿದೆ.

ನಾನು ಕೆಲಸ ಮಾಡುವ ಜಾಗವನ್ನು ಅಳೆದಿದ್ದೇನೆ. ಕೀಲಿಮಣೆ ನೆಲದಿಂದ 77 ಸೆಂ.ಮೀ. ಎತ್ತರದಲ್ಲಿದೆ, ಕುಳಿತಾಗ ನನ್ನ ಮೊಣಕೈ 66 ಸೆಂ.ಮೀ.ನಲ್ಲಿ ಬರುತ್ತದೆ. ಕುರ್ಚಿಯ ಸನ್ನೆ ಕೆಟ್ಟಿರುವುದರಿಂದ ಆಸನ 46 ಸೆಂ.ಮೀ.ಗಿಂತ ಮೇಲೇಳುವುದಿಲ್ಲ. ಈ ಮೂರು ವ್ಯವಸ್ಥೆ ಆಗಬೇಕೆಂದು ಕೋರುತ್ತೇನೆ: ಆಸನ 48 ಸೆಂ.ಮೀ.ಗೆ ಏರಿ ನಿಲ್ಲುವ, ಕೈಯೊರಗು ಇಳಿಸಬಹುದಾದ ಕುರ್ಚಿ; ಮೇಜಿನಿಂದ 9 ಸೆಂ.ಮೀ. ಕೆಳಗೆ ಕೀಲಿಮಣೆಯ ಹಲಗೆ; 8 ಸೆಂ.ಮೀ. ಎತ್ತರದ ಕಾಲುಮಣೆ. ಕುರ್ಚಿ ಮಂಜೂರಾಗಲು ತಡವಾದರೆ ಹಲಗೆ ಮತ್ತು ಕಾಲುಮಣೆಯನ್ನು ಶಾಖೆಯ ಮಟ್ಟದಲ್ಲೇ ಮೊದಲು ಮಾಡಿಸಬೇಕೆಂದು ವಿನಂತಿ.

ಪರದೆಯನ್ನು ಇಳಿಸಿ ನನ್ನ ಎದುರಿಗೆ ಇಟ್ಟುಕೊಳ್ಳಲು ತಮ್ಮ ಅನುಮತಿ ಬೇಕು. ಇದಕ್ಕೆ ಖರ್ಚಿಲ್ಲ. ಹೊಸ ವ್ಯವಸ್ಥೆಯಾದ ಆರು ವಾರಕ್ಕೆ ನೋವಿನ ಸ್ಥಿತಿಯನ್ನು ತಮಗೆ ಲಿಖಿತವಾಗಿ ತಿಳಿಸುತ್ತೇನೆ.

ತಮ್ಮ ವಿಶ್ವಾಸಿ"

ಇಂಥ ಪತ್ರಕ್ಕೆ ಇಲ್ಲ ಎನ್ನಲು ಕಾರಣ ಬರೆಯಬೇಕಾಗುತ್ತದೆ. ಮ್ಯಾನೇಜರ್ ಇದನ್ನು ತಮ್ಮ ಮಾತು ಸೇರಿಸದೆಯೇ ಮೇಲಕ್ಕೆ ಕಳಿಸಬಹುದು. ವೈದ್ಯರ ಚೀಟಿ ಇದರಲ್ಲಿ ಇರಲೇಬೇಕು, ಬ್ಯಾಂಕಿಗಾಗಿ ಮಾತ್ರವಲ್ಲ. ಬೆರಳಿನ ನಕ್ಷೆ ಓದುವುದು ವೈದ್ಯರ ಬಳಿ ಸರಿಯಾಗಿ ಹೇಳಿಕೊಳ್ಳಲು ನೆರವಾಗುತ್ತದೆಯೇ ಹೊರತು ಅವರ ಪರೀಕ್ಷೆಗೆ ಬದಲಿ ಅಲ್ಲ. ಸಕ್ಕರೆ, ಥೈರಾಯ್ಡ್, ಬಿ12 ಜೀವಸತ್ವದ ಕೊರತೆ ಇವೆಯೇ ಎಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಎಡಗೈ ಜೋಮಿನ ಜೊತೆ ಎದೆ ಹಿಂಡಿದಂತಾಗಿ ಬೆವರು ಬಂದರೆ ಅದು ಕುತ್ತಿಗೆಯ ಮಾತಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ನಾಣ್ಯ, ಪೆನ್ನು ಕೈಯಿಂದ ಜಾರುತ್ತಿದ್ದರೆ, ರವಿಕೆಯ ಗುಂಡಿ ಹಾಕುವುದು ಕಷ್ಟವಾಗುತ್ತಿದ್ದರೆ, ನಡೆಯುವಾಗ ಕಾಲು ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿಯೇ ಒತ್ತಿಕೊಂಡಿರಬಹುದು. ಇಂಥ ಸ್ಥಿತಿಯಲ್ಲಿ ಕುರ್ಚಿಗಾಗಿ ಕಾಯುತ್ತ ಕೂರುವುದು ಅಪಾಯ.

ಈ ಲಕ್ಷಣಗಳು ಇಲ್ಲದಿದ್ದಾಗ ಎಂಆರ್‌ಐ ಮಾಡಿಸಲು ಓಡುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಜಪಾನಿನಲ್ಲಿ ಕುತ್ತಿಗೆ ನೋವೇ ಇಲ್ಲದ 1,211 ಜನರನ್ನು ಎಂಆರ್‌ಐ ಮಾಡಿ ನೋಡಿದಾಗ ಸುಮಾರು ಶೇಕಡಾ 88 ಮಂದಿಯಲ್ಲಿ ಮೂಳೆಗಳ ನಡುವಿನ ಮೆತ್ತೆ ಉಬ್ಬಿತ್ತು. 2015ರಲ್ಲಿ ಪ್ರಕಟವಾದ ಈ ಫಲಿತಾಂಶದ ನಂತರ, ವರದಿಯಲ್ಲಿ ಉಬ್ಬು ಎಂದು ಬರೆದಿರುವುದನ್ನು ನೋವಿನ ಕಾರಣವೆಂದು ಹಾಗೇ ಒಪ್ಪಿಕೊಳ್ಳುವಂತಿಲ್ಲ. ಕುತ್ತಿಗೆಯಲ್ಲಿ ನರ ಒತ್ತಿದ ಪ್ರಕರಣಗಳಲ್ಲಿ ಹೆಚ್ಚಿನವು ಶಸ್ತ್ರಚಿಕಿತ್ಸೆಯಿಲ್ಲದೆ ಕೆಲವು ವಾರಗಳಿಂದ ಕೆಲವು ತಿಂಗಳಲ್ಲಿ ಇಳಿಮುಖವಾಗುತ್ತವೆ.

ಪತ್ರದಲ್ಲಿ ಆರು ವಾರ ಎಂದು ಹಾಕಿರುವುದು ಇದೇ ಕಾರಣಕ್ಕೆ. ಆ ಆರು ವಾರ ದಿನಾ ಸಂಜೆ ಮನೆಗೆ ಹೊರಡುವಾಗ ಕ್ಯಾಲೆಂಡರಿನ ಚೌಕದಲ್ಲಿ ಸೊನ್ನೆಯಿಂದ ಹತ್ತರವರೆಗಿನ ಎರಡು ಅಂಕೆ ಬರೆಯಬೇಕು, ಭುಜದ ನೋವಿಗೆ ಒಂದು, ಬೆರಳಿನ ಜೋಮಿಗೆ ಒಂದು. ತಿಕೋಟಾದಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹಿಂದಿರುಗುವಾಗ ಮೊಬೈಲನ್ನು ತೊಡೆಯ ಮೇಲಿಟ್ಟು ಬಗ್ಗಿ ನೋಡುವುದನ್ನೂ, ತೂಕದ ಚೀಲವನ್ನು ಎಡಭುಜಕ್ಕೇ ನೇತುಹಾಕುವುದನ್ನೂ ಈ ಅವಧಿಯಲ್ಲಿ ಬಿಡಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಎರಡೂ ಅಂಕೆ ಇಳಿದರೆ ಹೊಸ ವ್ಯವಸ್ಥೆ ಸರಿ ಹೋಗಿದೆ. ಭುಜದ ಅಂಕೆ ಇಳಿದು ಜೋಮಿನದು ಹಾಗೇ ಉಳಿದರೆ ಮೇಜು ಕುರ್ಚಿ ತಮ್ಮ ಪಾಲಿನ ಕೆಲಸ ಮಾಡಿವೆ. ಮುಂದಿನದು ನರದಲ್ಲಿ ವಿದ್ಯುತ್ ಎಷ್ಟು ವೇಗವಾಗಿ ಹರಿಯುತ್ತದೆ ಎಂದು ಅಳೆಯುವ ಪರೀಕ್ಷೆ. ಒತ್ತಡ ಮಣಿಕಟ್ಟಿನಲ್ಲಿದ್ದರೆ ಆ ಜಾಗದಲ್ಲೇ ವೇಗ ಕುಗ್ಗಿರುವುದು ಅದರಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಜೋಮು ಇಳಿದು ಭುಜದ ಬಿಗಿತ ಉಳಿದರೆ ಮತ್ತೆ ಟೇಪು ಹಿಡಿದು, ಹಲಗೆಯನ್ನು ಯಾರಾದರೂ ಒಳಗೆ ತಳ್ಳಿ ಕೀಲಿಮಣೆಯನ್ನು ಪುನಃ ಮೇಜಿನ ಮೇಲಿಟ್ಟಿದ್ದಾರೆಯೇ ಎಂದು ನೋಡಬೇಕು. ಪಾಳಿಯ ಮೇಲೆ ಒಂದೇ ಕೌಂಟರಿನಲ್ಲಿ ಇಬ್ಬರು ಕೂರುವ ಶಾಖೆಗಳಲ್ಲಿ ಹೀಗಾಗುವುದು ಸಹಜ. ಹಾಗಾಗಿ ಇಬ್ಬರ ಆಸನದ ಎತ್ತರವನ್ನೂ ಕುರ್ಚಿಯ ಕಂಬದ ಮೇಲೆ ಎರಡು ಬಣ್ಣದ ಪಟ್ಟಿ ಅಂಟಿಸಿ ಗುರುತು ಮಾಡಿಡಬೇಕು.